ಊಟದ ಪ್ರಾಯೋಜಕರ ಸಾಲು

ಸೌದಿಯ ದಮ್ಮಾಮಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದಾಗ ನನಗೊಂದು ಚಾಳಿಯಿತ್ತು. ಹಿಂದಿನ ಸಭೆಯ ನಡಾವಳಿಯನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಿದ್ದೆ. ಶುಕ್ರವಾರದ ಜುಮ್ಮಾ ನಮಾಜಿನ ಹೊತ್ತು ಕಳೆದು, ಉಂಡು, ಅಧ್ಯಕ್ಷರ ಫ್ಲ್ಯಾಟಿನಲ್ಲಿ ತೂಕಡಿಸುತ್ತ ಕೂತವರಿಗೆ ಅದು ಜೋಗುಳ. ಸಭೆಗೆ ಬಾರದವನ ತಲೆಗೆ ಪಾರ್ಕಿಂಗ್ ಕೆಲಸ ಕಟ್ಟುವುದು ನಮ್ಮ ಪದ್ಧತಿ. ಮುಂದಿನ ಸಭೆಯಲ್ಲಿ ನಾನು ಓದಿದಾಗಲೇ ಅವನಿಗದು ಗೊತ್ತಾಗುವುದು. "ಎಂತ ಮಾರಾಯ, ನನ್ನನ್ನು ಕೇಳದೆ ಬರೆದದ್ದಾ?" ಎಂದು ಒಬ್ಬನಾದರೂ ಗೊಣಗುತ್ತಿದ್ದ.

ಒಂದು ವರ್ಷ ಮೊಬೈಲ್ ಅಂಗಡಿಗಳಲ್ಲಿ ಸೌದಿಗಳೇ ಕೆಲಸ ಮಾಡಬೇಕೆಂಬ ನಿಯಮ ಬಂತು. ನಮ್ಮ ರಾಜ್ಯೋತ್ಸವಕ್ಕೆ ಪ್ರತಿವರ್ಷ ಊಟ ಹಾಕಿಸುತ್ತಿದ್ದ ಭಟ್ಕಳದ ಭಾಯಿಯ ಅಂಗಡಿಯೂ ಮುಚ್ಚಿತು. ಹಿಂದಿನ ಸಭೆಯಲ್ಲಷ್ಟೇ ಅವರು "ಊಟ ನನ್ನದು, ಬರ್ಕೊಳ್ಳಿ" ಅಂದಿದ್ದರು. ಬಜೆಟ್ಟಿನಲ್ಲಿ ಕಾರ್ಯಕ್ರಮ ನಡೆಸುವ ಬಾಡಿಗೆ ತೋಟದ ಮನೆ, ಮೈಕು, ಬಹುಮಾನಗಳಿಗೆ ಮಾತ್ರ ಸಂಘದ ಹಣ ಇಟ್ಟಿದ್ದೆವು.

ಈ ಸಲ ಅವರು ಬಂದು ಬಾಗಿಲ ಬಳಿ ಕೂತರು. ಎಲ್ಲರೆದುರು ಅವರ ಮಾನ ಹೋಗಬಾರದೆಂದು ಅಧ್ಯಕ್ಷರು ನನ್ನನ್ನು ಅಡುಗೆಮನೆಗೆ ಕರೆದು, "ಆ ಸಾಲು ಓದ್ಬೇಡ. ಊಟದ್ದು ಆಮೇಲೆ ನೋಡುವ" ಎಂದರು. ಜನ್ಮದಲ್ಲಿ ಮೊದಲ ಸಲ ಸಾಲು ಹಾರಿಸಿ ಓದಿದೆ. ನಡಾವಳಿ ಒಪ್ಪಲು ಸೂಚಕರು ಕೈ ಎತ್ತಿಯೂ ಆಗಿತ್ತು.

"ಒಂದು ಸಾಲು ಬಿಟ್ರಿ ನೀವು," ಎಂದರು ಭಾಯಿ.

ಪುಟ ಮತ್ತೆ ತೆರೆದು ಆ ಸಾಲನ್ನೂ ಓದಿದೆ.

"ಹೌದು, ನಾನು ಒಪ್ಪಿದ್ದೇ. ಅದು ಹಾಗೇ ಇರ್ಲಿ. ಈಗ ನನ್ನಿಂದ ಆಗುದಿಲ್ಲ ಅಂತ ಇವತ್ತಿನದ್ರಲ್ಲಿ ಬರೀರಿ. ಯಾರೂ ಮುಚ್ಚಿಡುದು ಬೇಡ."

ನಾವು ಮಾಡಿದ ಉಪಕಾರ ಅವರಿಗೆ ಎಷ್ಟು ನೋವು ಕೊಟ್ಟಿತೆಂದು ಆಗ ಅರ್ಥವಾಯಿತು. ಅಧ್ಯಕ್ಷರ ಹೆಂಡತಿ ಚಹಾದ ತಟ್ಟೆ ಇಡುತ್ತ, "ಮನೆಗೊಂದು ಬಗೆ ಅಡುಗೆ ಮಾಡಿ ತರುವ, ಅದಕ್ಕೆಂತ?" ಎಂದರು. ಎಲ್ಲರೂ ಒಪ್ಪಿದರು. ಊಟದ ಪ್ರಾಯೋಜಕರು ಇಲ್ಲ, ಮನೆಗೊಂದು ಬಗೆ ಎಂದು ಬರೆದುಕೊಂಡೆ.

"ಭಾಯಿ, ನೀವು ಯಾವಾಗಿನ ಹಾಗೆ ಮುಂದೆ ಕೂತ್ಕೊಳ್ಳಿ," ಎಂದರು ಅಧ್ಯಕ್ಷರು.

"ಕೂರ್ಲಿಕ್ಕೆ ಅಲ್ಲ ನಾನು ಬಂದದ್ದು. ಬಡಿಸುವವರ ಪಟ್ಟಿಯಲ್ಲಿ ಹಾಕಿ ನನ್ನನ್ನು."

ಬಡಿಸುವವರು ಎಂದು ಬರೆದು, ಪೆನ್ನು ಹಿಡಿದು ಸುಮ್ಮನೆ ಕೂತೆ. ಪ್ರಾಯೋಜಕರೆಂದರೆ ನಾವು ಅಂಗಡಿಯ ಹೆಸರು ಬರೆಯುವುದು. ಸ್ವಯಂಸೇವಕರೆಂದರೆ ಮನುಷ್ಯರ ಹೆಸರು. ಅಧ್ಯಕ್ಷರ ಮುಖ ನೋಡಿದೆ, ಅವರು ಖಜಾಂಚಿಯ ಮುಖ ನೋಡಿದರು. ಇಷ್ಟು ವರ್ಷ ಭಾಯಿಯ ಅನ್ನ ಉಂಡ ನಮಗೆ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ.

ಅವರಿಗೆ ಅರ್ಥವಾಯಿತು. ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ತಂದೆಯ ಹೆಸರನ್ನೂ ಸೇರಿಸಿ, ನಾನು ಬರೆದು ಮುಗಿಸುವ ತನಕ ನಿಧಾನವಾಗಿ ಹೇಳಿದರು.