ನಾನು ಕದ್ದು ಮಾಡಿಸಿದ ಮೂರನೆಯ ಪರೀಕ್ಷೆ

ನನ್ನ ಹೆಂಡತಿ ಬಸುರಿ ಎಂದು ತಿಳಿದ ದಿನ ನನಗೆ ಸಂತೋಷವಾಗಲಿಲ್ಲ. ಈ ಮಗು ಯಾರದು ಎಂಬ ಪ್ರಶ್ನೆ ಮೊದಲು ಬಂತು. ಇದನ್ನು ಈವರೆಗೆ ಯಾರಿಗೂ ಇಷ್ಟು ನೇರವಾಗಿ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಜರ್ಸಿ ಸಿಟಿಯಲ್ಲಿ ಒಂದು ಮರದ ಮನೆಯ ಎರಡನೇ ಮಹಡಿಯಲ್ಲಿದ್ದೆವು. ಕೆಳಗಡೆ ಮನೆಯ ಒಡತಿ, ಇಟಲಿಯ ಮುದುಕಿ. ನನ್ನ ಹೆಂಡತಿ ಗದಗಿನವಳು, ನರ್ಸ್. ಅಮೆರಿಕದ ವೀಸಾ ಬಂದದ್ದು ಅವಳಿಗೆ. ನಾನು ಅವಳ ಬೆನ್ನ ಹಿಂದೆ ಬಂದ ಗಂಡ. ಎಸ್ಸೆಸ್ಸೆಲ್ಸಿ ಓದಿದ ನನಗೆ ಸಿಕ್ಕಿದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಸೊಂಟದ ಎತ್ತರದ ಸ್ಟೀಮ್ ಪ್ರೆಸ್ ಮುಂದೆ ನಿಂತು ದಿನವಿಡೀ ಪ್ಯಾಂಟುಗಳನ್ನು ಒತ್ತುವುದು. ಮುಚ್ಚಳ ತೆರೆದಾಗಲೆಲ್ಲ ಆವಿ ನೇರವಾಗಿ ತೊಡೆಗಳ ಮೇಲೆ ಬರುತ್ತಿತ್ತು.

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹೆಂಡತಿಯ ಆಸ್ಪತ್ರೆಯಲ್ಲಿ ಮೈಸೂರಿನ ಒಬ್ಬ ಡಾಕ್ಟರಿದ್ದರು. ಇನ್ನೂ ಮದುವೆಯಾಗದವರು, ನನಗಿಂತ ಚಿಕ್ಕವರು. ಗಂಡಸರ ಇಂಥ ತೊಂದರೆಗಳನ್ನು ನೋಡುವ ವಿಭಾಗದಲ್ಲಿ ತರಬೇತಿಗೆ ಇದ್ದರು. ರವಿವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಅವಳನ್ನು ‘ಸಿಸ್ಟರ್’ ಎನ್ನುತ್ತಿದ್ದರು, ನನ್ನನ್ನು ‘ಯಜಮಾನ್ರೇ’ ಎನ್ನುತ್ತಿದ್ದರು. ಒಂದು ದಿನ ಅವಳು ಕೈತೊಳೆಯಲು ಎದ್ದಾಗ ಅವರು ಮೆಲ್ಲಗೆ, “ಮೊದಲು ನಿಮ್ಮ ಟೆಸ್ಟ್ ಮಾಡಿಸೋಣ. ಅದು ಸುಲಭ, ನೋವಿಲ್ಲ. ಸಿಸ್ಟರ್‌ಗೆ ಮಾಡೋ ಟೆಸ್ಟ್‌ಗಳು ಹಾಗಲ್ಲ” ಎಂದರು.

ಅಗಲ ಬಾಯಿಯ ಒಂದು ಗಾಜಿನ ಸೀಸೆ ಕೊಟ್ಟರು. ಮೂರು ನಾಲ್ಕು ದಿನ ಹೆಂಡತಿಯಿಂದ ದೂರವಿರಬೇಕು, ಆಮೇಲೆ ಮನೆಯಲ್ಲೇ ವೀರ್ಯವನ್ನು ಪೂರ್ತಿ ಅದರಲ್ಲಿ ಹಿಡಿಯಬೇಕು, ಮೊದಲ ಹನಿಗಳು ಚೆಲ್ಲಿದರೆ ಲೆಕ್ಕ ತಪ್ಪುತ್ತದೆ, ಒಂದು ಗಂಟೆಯೊಳಗೆ ತಂದು ಮುಟ್ಟಿಸಬೇಕು. “ಚಳಿ ತಾಗಬಾರದು. ಕೋಟಿನ ಒಳಜೇಬಲ್ಲಿ ಇಟ್ಕೊಂಡು ಬನ್ನಿ.” ನಾನು ಬಸ್ಸಿನಲ್ಲಿ ಎದೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ. ಪಕ್ಕದ ಹೆಂಗಸು ನನಗೆ ಎದೆನೋವು ಬಂದಿದೆ ಎಂದುಕೊಂಡು ಎದ್ದು ಜಾಗ ಬಿಟ್ಟಳು.

ಫಲಿತಾಂಶ ಹೇಳುವ ದಿನ ಡಾಕ್ಟರ್ ಬಾಗಿಲು ಮುಚ್ಚಿದರು.

“ಪ್ರಮಾಣ ಸರಿಯಿದೆ, ಮೂರು ಮಿಲಿಲೀಟರ್. ಆದರೆ ಒಂದು ಮಿಲಿಲೀಟರಿಗೆ ಎರಡು ಕೋಟಿಯಾದರೂ ವೀರ್ಯಾಣು ಇರಬೇಕು ಅಂತ ನಾವು ನೋಡ್ತೀವಿ. ನಿಮ್ಮದು ಅರವತ್ತು ಲಕ್ಷ.”

“ಅರವತ್ತು ಲಕ್ಷ ಇದ್ದೂ ಬಡವನೇನ್ರೀ ನಾನು?” ಎಂದೆ. ಅವರು ನಕ್ಕರು, ನಾನು ನಗಲಿಲ್ಲ.

“ಎಣಿಕೆ ಒಂದೇ ಅಲ್ಲ. ಅರ್ಧಕ್ಕಿಂತ ಹೆಚ್ಚು ಈಜ್ತಾ ಇರಬೇಕು. ನಿಮ್ಮವು ನೂರಕ್ಕೆ ಇಪ್ಪತ್ತು. ಆಕಾರನೂ ತುಂಬಾ ಕೆಟ್ಟಿದೆ. ತಲೆ ಸೊಟ್ಟ, ಬಾಲ ಸುರುಟಿರೋದು. ಆದರೆ ಒಂದೇ ಟೆಸ್ಟ್ ನಂಬೋ ಹಾಗಿಲ್ಲ, ದಿನದಿಂದ ದಿನಕ್ಕೆ ಏರುಪೇರಾಗುತ್ತೆ. ಸಿಗರೇಟ್ ಬಿಡಿ. ಕುಡಿಯೋದು ಕಡಿಮೆ ಮಾಡಿ. ಮುಖ್ಯವಾಗಿ ಬಿಸಿಯಿಂದ ದೂರ ಇರಿ, ಆ ಪ್ರೆಸ್ ಮುಂದಿನ ಕೆಲಸ ಬದಲಾದರೆ ಒಳ್ಳೇದು. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ.”

“ಆಕೀಗೆ ಹೇಳಬ್ಯಾಡ್ರಿ” ಎಂದೆ.

ಅವರು ವರದಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. “ನಾನು ಹೇಳಲ್ಲ. ನೀವು ಹೇಳಬೇಕು” ಎಂದರು.

ನಾನು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಅವಳು ಕೇಳಿದಾಗ “ಎಲ್ಲಾ ಸರಿ ಐತಂತ” ಎಂದೆ. ಹಾಗಾದರೆ ದೋಷ ತನ್ನದೇ ಎಂದುಕೊಂಡು ಅವಳು ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಮಾಡಿಸಿಕೊಂಡಳು. ಆ ದಿನ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದವಳಿಗೆ ನಾನು ಚಹಾ ಮಾಡಿಕೊಟ್ಟೆ. ಮಾಡಿದ್ದು ಅಷ್ಟೇ.

ಇನ್ನು ಬಿಸಿಯ ವಿಷಯ. ಮೈಯ ಉಷ್ಣ ಇಳಿಸುವುದಕ್ಕೆ ಏನು ಮಾಡಬೇಕೆಂದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮವ್ವ ನನಗೆ ವಾರವಾರ ಹರಳೆಣ್ಣೆ ಹಚ್ಚಿ ಎರೆದು ಬೆಳೆಸಿದವಳು. ಊರಲ್ಲಾದರೆ ಹಂಡೆಯ ನೀರನ್ನು ತಂಬಿಗೆಯಿಂದ ಹೊಯ್ದುಕೊಳ್ಳುವುದು, ಮುಗಿಯಿತು. ಇಲ್ಲಿ ಟಬ್ ಇತ್ತು. ಶನಿವಾರಕ್ಕೊಮ್ಮೆ ಇದ್ದದ್ದನ್ನು ನಾನು ದಿನಾ ಮಾಡಿದೆ. ಕೆಲಸದಿಂದ ಬಂದವನೇ ಎಣ್ಣೆ ತಿಕ್ಕಿಕೊಂಡು, ಸುಡುವಷ್ಟು ಬಿಸಿಯಾದ ನೀರು ತುಂಬಿ, ಕುತ್ತಿಗೆಯ ತನಕ ಮುಳುಗಿ ಮುಕ್ಕಾಲು ಗಂಟೆ ಕೂರುತ್ತಿದ್ದೆ. ಎದ್ದಾಗ ಮೈ ಹಗುರ, ಕಣ್ಣು ತಂಪು. ಉಷ್ಣ ಇಳಿಯುತ್ತಿದೆ ಎಂದು ಖಾತ್ರಿಯಿತ್ತು. ಹೆಂಡತಿ, “ಏನ್ರೀ, ಟಬ್‌ನ್ಯಾಗ ಸಂಸಾರ ಹೂಡೀರೇನು?” ಎನ್ನುತ್ತಿದ್ದಳು.

ಎರಡನೇ ಪರೀಕ್ಷೆ ಜನವರಿಯಲ್ಲಿ ಆಯಿತು. ಮೂವತ್ತು ಲಕ್ಷ. ಈಜುವವು ಇನ್ನೂ ಕಡಿಮೆ. ಡಾಕ್ಟರ್ ನನಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬೆಳಕಿನ ವೃತ್ತದಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿತು. ಒಂದು ತನ್ನ ಜಾಗದಲ್ಲೇ ಗಿರಗಿರ ತಿರುಗುತ್ತಿತ್ತು. ಇದು ನನ್ನದು ಎಂದು ಏನು ಖಾತ್ರಿ? ಇಷ್ಟೆಲ್ಲ ಆರೈಕೆ ಮಾಡಿಕೊಂಡ ಮೇಲೆ ಕಡಿಮೆಯಾಗುವುದು ಹೇಗೆ? ಸೀಸೆ ಬದಲಾಗಿರಬಹುದು, ಅಥವಾ ಇವನೇ ಬದಲಾಯಿಸಿರಬಹುದು. ಸಂಶಯ ಅಲ್ಲಿ ಹುಟ್ಟಿತು, ಆ ಬೆಳಕಿನ ವೃತ್ತದಲ್ಲಿ.

ಆಮೇಲೆ ನನಗೆ ಎಲ್ಲವೂ ಬೇರೆಯಾಗಿ ಕಾಣಿಸತೊಡಗಿತು. ರವಿವಾರ ಊಟವಾದ ಮೇಲೆ ಅಡುಗೆಮನೆಯಲ್ಲಿ ಅವರಿಬ್ಬರೂ ಪಾತ್ರೆ ತೊಳೆಯುತ್ತ ಮಾತಾಡುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಅವಳ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ, ಅವನದು ಎಷ್ಟಕ್ಕೆ ಎಂದು ಲೆಕ್ಕ ಇಡತೊಡಗಿದೆ. ಅವಳು ಬಸ್ಸಿಳಿಯುವ ಜಾಗದ ಎದುರಿನ ಅಂಗಡಿಯಲ್ಲಿ ಪೇಪರ್ ನೋಡುವವನಂತೆ ನಿಂತಿರುತ್ತಿದ್ದೆ. ಅವಳು ಯಾವಾಗಲೂ ಒಬ್ಬಳೇ ಇಳಿಯುತ್ತಿದ್ದಳು. ಅದೂ ನನಗೆ ಜಾಣತನದಂತೆ ಕಾಣುತ್ತಿತ್ತು.

ಅದೇ ಚಳಿಗಾಲದ ಕೊನೆಗೆ ಎರಡು ಸಣ್ಣ ಸಂಗತಿಗಳಾದವು. ಪ್ರೆಸ್ಸಿಗೆ ಕೈ ಸಿಕ್ಕಿ ಸುಟ್ಟಿತು, ಲಾಂಡ್ರಿಯವರು ನನ್ನನ್ನು ಬಟ್ಟೆಗೆ ಚೀಟಿ ಹಚ್ಚುವ ಕೌಂಟರಿಗೆ ಹಾಕಿದರು. ನಮ್ಮ ಟಬ್ಬಿನಿಂದ ನೀರು ಜಿನುಗಿ ಕೆಳಗಿನ ಮುದುಕಿಯ ಅಡುಗೆಮನೆಯ ಸೂರು ಒದ್ದೆಯಾಯಿತು; ಇನ್ನು ಮೇಲೆ ಟಬ್ ತುಂಬಿಸಿದರೆ ಮನೆ ಖಾಲಿ ಮಾಡಿಸುತ್ತೇನೆ ಎಂದು ಅವಳು ಮೆಟ್ಟಿಲ ಮೇಲೆ ನಿಂತು ಕೂಗಾಡಿದಳು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿನ ಸ್ನಾನ ಶುರುವಾಯಿತು. ಕೈಗೆ ಕಟ್ಟಿದ ಬ್ಯಾಂಡೇಜಿನಲ್ಲಿ ಸಿಗರೇಟು ಹಿಡಿಯಲಾಗದೆ ಅದೂ ಬಿಟ್ಟುಹೋಯಿತು. ಇವೆಲ್ಲ ನನ್ನ ದುರದೃಷ್ಟ ಎಂದುಕೊಂಡಿದ್ದೆ.

ಜೂನ್ ತಿಂಗಳಲ್ಲಿ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ರೀ, ಮುಟ್ಟು ನಿಂತೈತಿ” ಎಂದಳು. ಕಣ್ಣಲ್ಲಿ ನೀರಿತ್ತು. ನಾನು “ಹೌದಾ?” ಎಂದೆ. ಅಷ್ಟೇ. ಅವಳ ಮುಖ ಹೇಗೆ ಬಾಡಿತು ಎಂಬುದನ್ನು ಈಗಲೂ ನೋಡಬಲ್ಲೆ.

ಮುಂದಿನ ರವಿವಾರ ಡಾಕ್ಟರ್ ಸ್ವೀಟ್ ಡಬ್ಬ ಹಿಡಿದುಕೊಂಡು ಬಂದರು. ನಾನು ಬಾಗಿಲಲ್ಲೇ ನಿಂತು, “ಆಕಿ ಮಲಗ್ಯಾಳ. ಇನ್ನ ಬರೋದು ಬ್ಯಾಡ್ರಿ” ಎಂದೆ. ಅವರು ನನ್ನ ಮುಖ ನೋಡಿದರು. ಏನೋ ಅರ್ಥವಾಯಿತು ಅನಿಸುತ್ತದೆ. ಡಬ್ಬವನ್ನು ಮೆಟ್ಟಿಲ ಮೇಲಿಟ್ಟು ಹೋದರು.

ಸಾಕ್ಷಿ ಬೇಕಿತ್ತು ನನಗೆ. ಅವಳ ಎದುರಿಗೆ ಹಿಡಿಯಲು ಒಂದು ಕಾಗದ. ಜುಲೈನಲ್ಲಿ, ಅವಳಿಗೆ ತಿಳಿಸದೆ, ನದಿ ದಾಟಿ ಮ್ಯಾನ್‌ಹಟನ್ನಿನ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಹೋದೆ. ಈ ಸಲ ಸೀಸೆ ಯಾರೂ ಬದಲಾಯಿಸಬಾರದೆಂದು ಅಲ್ಲೇ ಕೋಣೆಯಲ್ಲಿ ಹಿಡಿದು, ಚೀಟಿಯ ಮೇಲೆ ನಾನೇ ಹೆಸರು ಬರೆದು, ಕೈಯಿಂದ ಕೈಗೆ ಕೊಟ್ಟೆ.

ವರದಿ ಬಂತು. ಮೂರು ಕೋಟಿ ಇಪ್ಪತ್ತು ಲಕ್ಷ. ನೂರಕ್ಕೆ ಐವತ್ತೈದು ಈಜುತ್ತಿದ್ದವು. ಆಕಾರವೂ ಸುಧಾರಿಸಿತ್ತು.

ನಾನು ಹಳೆಯ ಎರಡು ವರದಿಗಳನ್ನು ಮುಂದಿಟ್ಟೆ. ಮುದುಕ ಡಾಕ್ಟರ್ ಕನ್ನಡಕ ಏರಿಸಿ ನೋಡಿ, ಜ್ವರ ಬಂದಿತ್ತೇ, ಕೆಲಸ ಏನು, ಯಾವ ಬಗೆಯ ಒಳಉಡುಪು, ಸ್ನಾನ ಹೇಗೆ ಎಂದು ಒಂದೊಂದಾಗಿ ಕೇಳಿದರು. ಸ್ನಾನದ ಬಗ್ಗೆ ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ವೃಷಣಗಳು ಮೈಯಿಂದ ಹೊರಗೆ ತೂಗುವುದೇ ಅವುಗಳಿಗೆ ಮೈಗಿಂತ ಸ್ವಲ್ಪ ತಂಪು ಬೇಕೆಂದು, ನೀನು ಹಗಲು ಅವುಗಳನ್ನು ಆವಿಯಲ್ಲಿ ಬೇಯಿಸಿ ಸಂಜೆ ನೀರಲ್ಲಿ ಕುದಿಸಿದ್ದೀಯೆ ಎಂದರು. ಇಂದು ತಯಾರಾಗಲು ಶುರುವಾದ ವೀರ್ಯಾಣು ಹೊರಬರುವುದು ಎರಡೂವರೆ ಮೂರು ತಿಂಗಳಿಗೆ. ಹಾಗಾಗಿ ಕೆಟ್ಟದ್ದೂ ತಡವಾಗಿ ಕಾಣುತ್ತದೆ, ಸುಧಾರಣೆಯೂ ತಡವಾಗಿ. ಕೊನೆಗೆ, “ಮೂವತ್ತು ಲಕ್ಷ ಇದ್ದಾಗಲೂ ಮಗು ಆಗೋದೇ ಇಲ್ಲ ಅಂತ ಯಾವ ಡಾಕ್ಟರೂ ಹೇಳೋದಿಲ್ಲ. ಕಡಿಮೆ ಅಂದರೆ ಇಲ್ಲ ಅಂತಲ್ಲ” ಎಂಬ ಅರ್ಥದ ಮಾತು ಹೇಳಿದರು.

ಪ್ರೆಸ್ಸೂ ಟಬ್ಬೂ ಬಿಟ್ಟುಹೋದ ಫೆಬ್ರವರಿಯಿಂದ ಬೆರಳು ಮಡಿಚಿ ಎಣಿಸಿದೆ. ಮಾರ್ಚ್, ಏಪ್ರಿಲ್, ಮೇ. ವಾಪಸು ಬರುವ ರೈಲಿನಲ್ಲಿ ಆ ಕಾಗದವನ್ನು ಹರಿದು ಎಸೆಯಬೇಕಿತ್ತು. ಎಸೆಯಲಿಲ್ಲ, ಮನೆಗೆ ತಂದು, ತೂಗುಹಾಕಿದ್ದ ಚಳಿಗಾಲದ ಕೋಟಿನ ಒಳಜೇಬಲ್ಲಿ ಬಚ್ಚಿಟ್ಟೆ. ಅದೇ ಜೇಬು.

ಚಳಿ ಬಂದಾಗ ಕೋಟು ಒಗೆಯಲು ತೆಗೆದ ಹೆಂಡತಿಗೆ ಅದು ಸಿಕ್ಕಿತು. ಅವಳು ನರ್ಸ್. ಓದಿ ಹೇಳಬೇಕಾದ್ದು ಏನೂ ಇರಲಿಲ್ಲ. ಎಂಟು ತಿಂಗಳ ಹೊಟ್ಟೆ ಹೊತ್ತು ಕುರ್ಚಿಯಲ್ಲಿ ಕುಳಿತು, ತಾರೀಖಿನ ಮೇಲೆ ಬೆರಳಿಟ್ಟು ಕೇಳಿದಳು.

“ನಾ ಬಸುರಿ ಅಂದ ಮ್ಯಾಲೆ ಇದನ್ಯಾಕ ಮಾಡಿಸಿದ್ರಿ?”

ನಾನು ಎಲ್ಲವನ್ನೂ ಹೇಳಿದೆ. ಮೊದಲ ವರದಿ, ಎರಡನೆಯದು, ಬಸ್ಸಿಳಿಯುವ ಜಾಗದ ಎದುರಿನ ಅಂಗಡಿ, ಬಾಗಿಲಲ್ಲಿ ಡಾಕ್ಟರಿಗೆ ಹೇಳಿದ್ದು.

“ಅಡಿಗಿಮನ್ಯಾಗ ನಾ ಅವ್ರನ್ನ ಕೇಳತಿದ್ದದ್ದು ಇದನ್ನ. ನಮ್ಮನಿಯವರ ರಿಪೋರ್ಟ್ ಖರೇನ ಸರಿ ಐತೇನು ಅಂತ. ‘ಅವರನ್ನೇ ಕೇಳಿ ಸಿಸ್ಟರ್’ ಅನ್ನೋದು ಬಿಟ್ಟು ಬಾಯಿ ಬಿಡಲಿಲ್ಲ ಆ ಮನಷ್ಯಾ.” ತಾರೀಖಿನ ಮೇಲಿಂದ ಬೆರಳು ತೆಗೆದು, “ಆ ಎಕ್ಸ್‌ರೇ ಟೇಬಲ್ ಮ್ಯಾಲೆ ನಾ ಒದರಿದ್ದು ನೆನಪೈತಿ ನನಗ. ನೀವು ಹೊರಗ ಕುಂತಿದ್ರಿ” ಎಂದಳು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕಾಗದವನ್ನು ಮಡಿಚಿ ತನ್ನ ಹೆರಿಗೆಯ ಕಾಗದಗಳ ಜೊತೆ ಇಟ್ಟಳು.

ಮಗಳು ಹುಟ್ಟಿದಳು. ಹೆಸರಿಡುವ ದಿನ ಹೆಂಡತಿಯೇ ಮೈಸೂರಿನ ಡಾಕ್ಟರನ್ನು ಕರೆದಿದ್ದಳು. ಮಾರಿಸ್‌ಟೌನಿನಿಂದ ಬಂದ ಒಬ್ಬ ಆಂಟಿ ತೊಟ್ಟಿಲಿಗೆ ಬಗ್ಗಿ, “ಅಯ್ಯೋ, ಮೂಗು ನೋಡಿ, ಅಪ್ಪಂದೇ ಅಚ್ಚು!” ಎಂದರು.

“ಹೌದ್ರೀ” ಎಂದಳು ನನ್ನ ಹೆಂಡತಿ, ಎಲ್ಲರಿಗೂ ಕೇಳುವಂತೆ. “ಅವರೂ ಹಂಗಽ ಬಿಡಲಿಲ್ಲ. ಟೆಸ್ಟ್ ಮಾಡಿಸಿ ಖಾತ್ರಿ ಮಾಡ್ಕೊಂಡಾರ.”

ಎಲ್ಲರೂ ತಮಾಷೆಯೆಂದು ನಕ್ಕರು. ನಾನೂ ನಕ್ಕೆ. ಗೋಡೆಗೆ ಒರಗಿ ನಿಂತಿದ್ದ ಡಾಕ್ಟರ್ ಒಬ್ಬರೇ ನಗಲಿಲ್ಲ. ಅವರು ಮಗುವಿನ ಕೈಗೆ ಒಂದು ಬೆಳ್ಳಿಯ ಗಿಲಕಿ ಕೊಟ್ಟು, ಊಟಕ್ಕೆ ನಿಲ್ಲದೆ ಕೋಟು ಹಾಕಿಕೊಂಡರು. ನಾನು ಬಾಗಿಲ ತನಕ ಹೋದೆ. ಕ್ಷಮಿಸಿ ಎನ್ನುವುದಕ್ಕೆ ಬಾಯಿ ತೆರೆದವನು, “ಹೊರಗ ಚಳಿ ಭಾಳ ಐತಿ” ಎಂದೆ. ಅವರು ತಲೆಯಾಡಿಸಿ ಇಳಿದುಹೋದರು. ಮರುವರ್ಷ ಅವರು ಬೇರೆ ರಾಜ್ಯಕ್ಕೆ ಹೋದರೆಂದು ಕೇಳಿದೆ.

ಇಬ್ಬರಿಗೂ ಹೇಳಬೇಕಾಗಿದ್ದ ಕ್ಷಮೆಯ ಮಾತನ್ನು ಇಲ್ಲಿ ಬರೆದಿದ್ದೇನೆ. ಅದನ್ನು ಮೊದಲು ಓದಬೇಕಾದವಳು, ನನ್ನ ಹೆಂಡತಿ, ಪಕ್ಕದ ಕೋಣೆಯಲ್ಲಿದ್ದಾಳೆ. ಇವತ್ತು ಸಂಜೆ ಅವಳ ಕೈಗೆ ಕೊಡುತ್ತೇನೆ.