ಗದ್ದೆಯಲ್ಲಿ ಕುರಿ ನಿಲ್ಲಿಸಿದವಳು

ನಮ್ಮಪ್ಪನಿಗೆ ಭೂಮಿಯ ವಿಷಯದಲ್ಲಿ ಇದ್ದದ್ದು ಒಂದೇ ನಿಯಮ. ಯಾರಿಗೇ ಗುತ್ತಿಗೆ ಕೊಡಲಿ, ಎರಡು ವರ್ಷ. ಮೂರನೆಯ ವರ್ಷ ದೇವರೇ ಬಂದು ಕೇಳಿದರೂ ಇಲ್ಲ. ನಾವಿರುವುದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಗದ್ದೆ ಇರುವುದು ಕಂಪ್ಲಿಯ ಕಡೆ, ಕಾಲುವೆಯ ಕೊನೆಯಲ್ಲಿ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಬೇರೆಯವರೇ ಮಾಡುತ್ತ ಬಂದಿದ್ದಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಜೊತೆಗೆ ಅಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಅಲೆಯುವ ಸಂಬಳವಿಲ್ಲದ ಚಾಕರಿಯೂ ನನ್ನದೇ.

ಪ್ರತಿ ವರ್ಷ ಹೊಸ ಕರಾರು ಪತ್ರ ಆಗಬೇಕು. ಅದರ ಒಕ್ಕಣೆ ನನಗೆ ಬಾಯಿಪಾಠ. ಅವಧಿ ಹನ್ನೊಂದು ತಿಂಗಳು. ಎಕರೆಗೆ ಇಷ್ಟು ಚೀಲ ಭತ್ತ, ರಾಶಿ ಆದ ದಿನವೇ ಕೊಡತಕ್ಕದ್ದು. ಕಾಲುವೆಗೆ ನೀರು ಬಿಡದಿದ್ದರೆ ಬೇಸಿಗೆ ಬೆಳೆಯ ಚೀಲ ಕೇಳುವಂತಿಲ್ಲ. ನೀರನ್ನು ಸರದಿಯಂತೆ ಮಾತ್ರ ಹಾಯಿಸಿಕೊಳ್ಳಬೇಕು, ನಮ್ಮ ಗದ್ದೆಯ ಮೇಲಿಂದ ಬೇರೆಯವರಿಗೆ ದಾಟಿಸಬಾರದು. ನೀರಿನ ಕರ ಮಾಡುವವರದು, ಭೂಕಂದಾಯ ನಮ್ಮದು. ಬೇಸಿಗೆ ಬೆಳೆ ಕೊಯ್ದ ಮೇಲೆ, ಬಸವ ಜಯಂತಿಯೊಳಗೆ ಗದ್ದೆಯನ್ನು ತಕರಾರಿಲ್ಲದೆ ಬಿಟ್ಟುಕೊಡಬೇಕು. ಕಾನೂನಿನಲ್ಲಿ ಗದ್ದೆಯನ್ನು ಹೀಗೆ ಗುತ್ತಿಗೆಗೆ ಕೊಡುವುದಕ್ಕೇ ಅವಕಾಶವಿಲ್ಲ. ಆದ್ದರಿಂದ ಕೋರ್ಟಿನಲ್ಲಿ ಆ ಕಾಗದ ನಿಲ್ಲುವುದು ಅನುಮಾನ. ಆದರೂ ಎಲ್ಲರೂ ಬರೆಸುತ್ತಾರೆ, ಏಕೆಂದರೆ ಊರ ನಾಲ್ಕು ಜನರ ಮುಂದೆ ಅದು ನಿಲ್ಲುತ್ತದೆ.

ಕಳೆದೆರಡು ವರ್ಷ ಗದ್ದೆ ಮಾಡಿದವಳು ಒಬ್ಬ ಹೆಂಗಸು. ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ. ಗಂಡ ಕುರೆಕುಪ್ಪದಲ್ಲಿ ಕೋಣೆ ಹಿಡಿದು ಲಾರಿ ಓಡಿಸುತ್ತಾನೆ, ರಜೆ ಸಿಕ್ಕಾಗ ಊರಿಗೆ ಬರುತ್ತಾನೆ. ಸ್ವಂತ ಭೂಮಿ ಇಲ್ಲ. ಈ ಗದ್ದೆ ಹೋದರೆ ಅವಳು ಮತ್ತೆ ಕಂಡವರ ನಾಟಿಗೆ ಕೂಲಿ ಹೋಗಬೇಕು. ಅವಳ ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಮುಂದಿನ ಸಲಕ್ಕೆಂದು ಒಬ್ಬಾತ ಆಗಲೇ ಮನೆಗೆ ಬಂದು, ಚಹಾ ಕುಡಿದು, ಒಂದೆರಡು ಚೀಲ ಹೆಚ್ಚಿಗೆ ಕೊಡುವ ಮಾತಾಡಿ ಹೋಗಿದ್ದ.

ಬಸವ ಜಯಂತಿಗೆ ವಾರವಿದೆ ಅನ್ನುವಾಗ ನೀರುಗಂಟಿ ಫೋನ್ ಮಾಡಿದ. ಕಾಲುವೆಯ ಸರದಿ ನೋಡಿಕೊಳ್ಳುವ ಅವನಿಗೆ ಊರಿನ ಸುದ್ದಿಯನ್ನೂ ಸರದಿಯಂತೆ ಬಿಡುವ ಅಭ್ಯಾಸ.

“ಯಜಮಾನ್ರ, ನಿಮ್ಮ ಗದ್ದ್ಯಾಗ ಆಯಮ್ಮ ಕುರಿ ನಿಲ್ಸ್ಯಾಳ್ರಿ.”

ಅಪ್ಪನ ಮುಖ ಕಪ್ಪಿಟ್ಟಿತು. ಕೊಯ್ದ ಗದ್ದೆಯಲ್ಲಿ ಕುರುಬರ ಮಂದೆಯನ್ನು ರಾತ್ರಿ ನಿಲ್ಲಿಸಿಕೊಂಡರೆ ಗೊಬ್ಬರವಾಗುತ್ತದೆ, ಅದಕ್ಕೆ ಕುರುಬರಿಗೆ ಕಾಳು ಅಳೆಯಬೇಕು. ಆ ಗೊಬ್ಬರದ ಸತ್ವ ಮುಂದಿನ ಮೂರು ನಾಲ್ಕು ಬೆಳೆಗೆ ಸಿಗುತ್ತದೆ. ವಾರದಲ್ಲಿ ಬಿಟ್ಟುಹೋಗುವ ಗದ್ದೆಗೆ ಯಾರೂ ಕುರಿ ನಿಲ್ಲಿಸುವುದಿಲ್ಲ.

“ಬಿಡೂ ವಿಚಾರ ಇಲ್ಲ ಆಕಿಗೆ. ಬೇರು ಬಿಡಾಕತ್ಯಾಳ. ಗಾಡಿ ತಗೀ ಲೇ,” ಅಂದ.

ದಾರಿಯುದ್ದಕ್ಕೂ ಬೆನ್ನ ಹಿಂದೆ ಗೊಣಗಾಟ. ನನಗೆ ಸಿಟ್ಟು ಬಂದಿತ್ತು, ಆದರೆ ಅಪ್ಪನ ಭಯ ಎಲ್ಲಿಯದು ಅನ್ನುವುದು ಗೊತ್ತಿತ್ತು. ಈ ಗದ್ದೆ ನಮ್ಮದಾದದ್ದೇ ಹಾಗೆ. ನಮ್ಮಜ್ಜ ಇದನ್ನು ಒಬ್ಬ ಮುದುಕಿಯಿಂದ ಗುತ್ತಿಗೆಗೆ ಹಿಡಿದು ಮಾಡುತ್ತಿದ್ದವನು. ಉಳುವವನಿಗೇ ಭೂಮಿ ಅನ್ನುವ ಕಾನೂನು ಬಂದಾಗ ಅರ್ಜಿ ಹಾಕಿದ, ಗದ್ದೆ ಅವನ ಹೆಸರಿಗೆ ಆಯಿತು. ಆ ಕಾಲದ ಅರ್ಜಿಯ ಗಡುವು ಯಾವಾಗಲೋ ಮುಗಿದಿದೆ, ಈಗ ಯಾರೂ ಹಾಗೆ ಹಾಕಲು ಬರುವುದಿಲ್ಲ ಎಂದು ವಕೀಲರು ಹೇಳಿದರೂ ಅಪ್ಪ ನಂಬಲಿಲ್ಲ. ಪಡೆದುಕೊಂಡವನ ಮಗನಿಗೆ ಕಳೆದುಕೊಂಡವರಿಗಿಂತ ಹೆಚ್ಚು ಹೆದರಿಕೆ.

ಗದ್ದೆಗೆ ಹೋದಾಗ ಮಂದೆ ಆಗಲೇ ಮೇಯಲು ಹೋಗಿತ್ತು. ಕೂಳೆಯ ನಡುವೆ ನೆಲದ ತುಂಬ ಹಿಕ್ಕೆ. ಅಕ್ಕ ಒಡೆದ ಬದುವಿಗೆ ಮಣ್ಣು ಹಾಕುತ್ತಿದ್ದಳು. ನಮ್ಮನ್ನು ಕಂಡು ಸಲಿಕೆ ಇಟ್ಟು ಸೆರಗು ಸರಿಪಡಿಸಿಕೊಂಡಳು.

“ಬರ್ರಿ ಮಾವಾ. ಕುಂದ್ರಿ.”

ಅಪ್ಪ ಕೂರಲಿಲ್ಲ. “ಕರಾರು ಏನೈತವಾ? ಬಸವ ಜಯಂತಿಗೆ ಬಿಡಬೇಕೋ ಇಲ್ಲೋ?”

“ಬಿಡ್ತೀನ್ರಿ. ನಾ ಎಲ್ಲಿ ಇಲ್ಲ ಅಂದೆ?”

“ಮತ್ತ ಕುರಿ ಯಾಕ?”

ಅಕ್ಕ ಕೂಳೆಯ ಬುಡದ ಮಣ್ಣನ್ನು ಕಾಲಲ್ಲಿ ಕೆದಕಿ ತೋರಿಸಿದಳು. “ಮಾವಾ, ನಾ ಬಂದಾಗ ಈ ಗದ್ದಿ ಹೆಂಗಿತ್ತು ನೀವs ನೋಡೀರಿ. ಹಿಂದಿನಾತ ಬರೇ ಯೂರಿಯಾ ಹಾಕಿ ಹಾಕಿ ಮಣ್ಣು ಸುಟ್ಟಿದ್ದ. ಆತಂದೂ ತಪ್ಪಲ್ಲ ಬಿಡ್ರಿ. ಎರಡ ವರ್ಷಕ್ಕ ಬಿಡಾವಾ ಯಾಕ ಗೊಬ್ಬರ ಹೊಡಿತಾನ? ನಾನೂ ಮೊದಲನೇ ವರ್ಷ ಹಂಗs ಮಾಡಿದೆ. ಈಗ ಕುರಿ ಈ ಕಡಿ ಬಂದಿದ್ವು. ಮತ್ತ ಬರಾದು ಮುಂದಿನ ಬ್ಯಾಸಿಗಿಗೆ. ನಿಮ್ಮನ್ನ ಕೇಳಿ, ನೀವು ಹೂಂ ಅನ್ನೋದ್ರಾಗ ಅವು ಹೋಗಿಬಿಡ್ತಾವ. ಇನ್ನೊಂದ್ ವರ್ಷ ಕೊಡ್ತೀರೇನೋ ಅಂತ ಆಸೀ ಮಾಡಿದೆ. ಕೊಡದಿದ್ರ ನಿಮ್ಮ ಮಣ್ಣಿಗೇ ಹಾಕಿನಿ, ಬ್ಯಾರೆ ಎಲ್ಲೂ ಒಯ್ದಿಲ್ಲ.”

ಅಪ್ಪ ಈಗ ಬದುವಿನ ಮೇಲೆ ಕೂತ. ಮಂಡಿ ನೋವಿಗೆ ಕೂತನೋ ಮಾತಿಗೆ ಕೂತನೋ ತಿಳಿಯಲಿಲ್ಲ. ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿ ಮಾಡತೊಡಗಿದ. ನನಗೆ ತಡೆಯಲಾಗಲಿಲ್ಲ. “ಕೊಡಪ್ಪಾ, ಏನಾಕತಿ?” ಅಂದೆ. “ನೀ ಬಾಯಿ ಮುಚ್ಚು,” ಅಂದ.

ಅಕ್ಕ ಮತ್ತೆ ಅಂದಳು: “ನಿಮಗ ಯಾವುದರ ಅಂಜಿಕಿ ಅಂಬೋದು ಊರಿಗೇ ಗೊತ್ತೈತಿ ಮಾವಾ. ಬೇಕಾದಂಗ ಬರಿಸಿಕೊಳ್ರಿ. ನಿಮ್ಮ ಭೂಮಿ ನನಗ ಬ್ಯಾಡ, ನಾ ಬೆಳದ ಬೆಳಿ ನನಗ ಸಾಕು ಅಂತ ಬರದು ಹೆಬ್ಬಟ್ಟು ಒತ್ತತೀನಿ.”

ಅಪ್ಪ ತಲೆ ಎತ್ತಿ ಅವಳನ್ನಲ್ಲ, ನನ್ನನ್ನು ನೋಡಿದ.

“ನಿಮ್ಮಜ್ಜನೂ ಆ ಮುದುಕಿಗೆ ಇದನ್ನs ಹೇಳಿದ್ದ. ಭೂಮಿ ಒಡತಿಗೆ. ನಾ ಮುಂದs ನಿಂತಿದ್ದೆ. ಸುಳ್ಳು ಹೇಳಲಿಲ್ಲ ಅವ. ಅವತ್ತು ಅದು ಖರೇನs ಇತ್ತು.”

ಆ ಗಳಿಗೆಯಲ್ಲಿ ನನಗೆ ಅಪ್ಪನ ಮೇಲೆ ಎಂದೂ ಬಾರದ ಕರುಣೆ ಬಂತು. ಇಷ್ಟು ವರ್ಷ ಅವನು ಗುತ್ತಿಗೆಯವರನ್ನು ನಂಬದೆ ಇದ್ದದ್ದಲ್ಲ. ಅವರು ನಿಜವನ್ನೇ ಹೇಳುತ್ತಾರೆಂದು ಗೊತ್ತಿದ್ದೇ ಹೆದರಿದ್ದ. ಅಕ್ಕನಿಗೆ ಏನು ತೋಚಿತೋ, ಸಲಿಕೆ ತೆಗೆದುಕೊಂಡು ಮತ್ತೆ ಬದುವಿನ ಕೆಲಸಕ್ಕೆ ನಿಂತಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಬಸವ ಜಯಂತಿಯ ಮರುದಿನ ಕಂಪ್ಲಿಯಲ್ಲಿ ಪತ್ರ ಬರೆಯುವವನ ಅಂಗಡಿಗೆ ಹೋದೆವು. ಅಕ್ಕನೂ ಬಂದಿದ್ದಳು, ಗದ್ದೆ ಬಿಟ್ಟುಕೊಟ್ಟದ್ದಕ್ಕೆ ಹಳೆಯ ಪತ್ರದ ಮೇಲೆ ಹೆಬ್ಬಟ್ಟು ಒತ್ತಲು ಕರೆದಿದ್ದಾರೆಂದೇ ತಿಳಿದು. ಬರೆಯುವವ ಕಂಪ್ಯೂಟರಿನಲ್ಲಿದ್ದ ಹಳೆಯ ಒಕ್ಕಣೆ ತೆರೆದು ಕೇಳಿದ: “ಮಾಡಾವ್ರ ಹೆಸರು ಯಾರದ್ರಿ ಈ ಸಲ?”

“ಈಕೀದs,” ಅಂದ ಅಪ್ಪ.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಧಿ, ಚೀಲ, ನೀರು, ಎಲ್ಲ ಹಳೆಯ ಹಾಗೆಯೇ ಬಂತು. ಬಿಟ್ಟುಕೊಡುವ ಸಾಲಿಗೆ ಬಂದಾಗ ಅಪ್ಪ ತಡೆದ.

“ಕೆಳಗ ಒಂದು ಮಾತು ಕೂಡಸು. ಆಕಿ ಗೊಬ್ಬರ ಹಾಕ್ಯಾಳ. ಅದರ ಸತ್ವ ಉಣ್ಣೂ ತನಕ, ಇನ್ನೆರಡು ವರ್ಷ, ಪತ್ರ ಆಕೀ ಹೆಸರಿಗೇ ಹೊಸದು ಮಾಡಿಕೊಡಬೇಕು. ನಾ ಇರಲಿ, ಇಲ್ಲದಿರಲಿ.”

ಬರೆಯುವವ ಕೀಲಿಯಿಂದ ಕೈ ತೆಗೆದ. “ಯಜಮಾನ್ರ, ಇದು ನಿಮಗs ತೊಡಕಾಕತಿ. ನಾಳೆ ಏನಾಕತೋ ಯಾರಿಗೆ ಗೊತ್ತು?”

“ನನಗ ಗೊತ್ತೈತಿ,” ಅಂದ ಅಪ್ಪ. “ನೀ ಬರಿ.”

ಯಾವಾಗಲೂ ಗುತ್ತಿಗೆಯವರ ಹೆಬ್ಬಟ್ಟು ಬಿದ್ದ ಮೇಲೆಯೇ ಅಪ್ಪ ಪೆನ್ನು ಮುಟ್ಟುತ್ತಿದ್ದುದು. ಆ ದಿನ ಕಾಗದ ಎಳೆದುಕೊಂಡು ಅವನೇ ಮೊದಲು ಸಹಿ ಹಾಕಿದ.