ಹೆಸರಿಲ್ಲದೆ ನಿಂತ ನುಡಿ

ಶೇಖವ್ವನನ್ನು ಅಂಜಿನಮ್ಮ ಮೊದಲು ನೋಡಿದ್ದು ತೊಂಬತ್ತಾರರ ಜೂನ್ ತಿಂಗಳ ಒಂದು ಭಾನುವಾರ, ಹೆಬ್ಬಗೋಡಿಯ ತನ್ನ ವಠಾರದ ಗೇಟಿನಲ್ಲಿ. ತಲೆಯ ಮೇಲೆ ತಗಡಿನ ಟ್ರಂಕು, ಹಿಂದೆ ಹತ್ತೊಂಬತ್ತರ ಮಗಳು ಶಿವಗಂಗಾ. ಬಂದವಳು ನಮಸ್ಕಾರ ಮಾಡುವುದಕ್ಕೆ ಮುಂಚೆ ಗೇಟಿನ ಅಗುಳಿಯನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. ಅಂಜಿನಮ್ಮನಿಗೆ ಅದು ಹಿಡಿಸಲಿಲ್ಲ.

ಗುಳೇದಗುಡ್ಡದವರಂತೆ. ಗಂಡ ಮಗ್ಗದಲ್ಲಿ ರವಿಕೆಯ ಖಣ ನೇಯುತ್ತಾನೆ, ಶೇಖವ್ವ ರಾಟೆ ತಿರುವಿ ಅವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಮಗಳು ಐಟಿಐ ಓದಿದ್ದಾಳೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ವೈರು ಬೆಸೆಯುವ ಕೆಲಸ ಸಿಕ್ಕಿದೆ. ಹೀಗೆಂದು ಹೇಳಿ ಶೇಖವ್ವ ತಾನೇ ಪ್ರಶ್ನೆ ಕೇಳತೊಡಗಿದಳು. ವಠಾರದಲ್ಲಿ ಗಂಡಸರೆಷ್ಟು, ಕಿಟಕಿ ಯಾವ ಕಡೆಗೆ ತೆರೆಯುತ್ತದೆ, ನೀರು ಹಿಡಿಯುವ ನಲ್ಲಿಗೆ ಕತ್ತಲಲ್ಲಿ ಹೋಗಬೇಕೇನು. ಬಾಡಿಗೆಗೆ ಬಂದವಳು ಮನೆಯವಳನ್ನು ಕಟಕಟೆಗೆ ನಿಲ್ಲಿಸಿದಂತೆ ಇತ್ತು. ಆದರೂ ಹುಡುಗಿಯ ಮುಖ ನೋಡಿ ಮೂರನೇ ರೂಮು ಕೊಟ್ಟಳು.

ತಾಯಿ ಊರಿಗೆ ಹೋದ ಮೇಲೆ ಶುರುವಾಯಿತು ನೋಡಿ. ಹುಡುಗಿ ನಾಲ್ಕು ಗಂಟೆಗೆ ಕಂಪನಿ ಬಸ್ಸಿಳಿದು ಬರುತ್ತಿದ್ದಳು, ಕೈಕಾಲು ತೊಳೆದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಗೋಡೆಯ ಆಚೆಯಿಂದ ತಾಯಿಯ ದನಿ. ಊರಿಗೆ ಹೋದವಳು ಇಲ್ಲಿ ಹೇಗೆ ಹಾಡುತ್ತಾಳೆ ಎಂದು ಅಂಜಿನಮ್ಮ ಮೊದಲ ದಿನ ಹೆದರಿದ್ದೂ ಉಂಟು. ಟೇಪು ರೆಕಾರ್ಡರು ಎಂದು ಆಮೇಲೆ ಗೊತ್ತಾಯಿತು.

ಅಂಜಿನಮ್ಮ ಗೋಡೆಗೆ ಒರಗಿ ನೆನೆಸಿದ ಅವರೆಕಾಳು ಹಿಸುಕುತ್ತ ಕೇಳಿದಳು. ಹಾಡಿಗೆ ರಾಟೆಯ ನಡೆ ಇತ್ತು, ಒಂದು ಸುತ್ತಿಗೆ ಒಂದು ತುಂಡು. ಎರಡು ಸಾಲು, ಎರಡನೆಯದರ ತುದಿಯಲ್ಲಿ ಒಂದು ಕರೆ. ಆ ಕರೆಯನ್ನು ಎಳೆದು, ಅದೇ ಸಾಲನ್ನು ಮತ್ತೆ ಎತ್ತಿ, ಕೊನೆಗೆ ಗಿಡ್ಡ ಮೂರನೇ ಸಾಲು, ಅಲ್ಲಿಗೆ ಒಂದು ನುಡಿ.

ಕಂಡಿಕಿ ಸುತ್ತೂವ ಕೈಲಿಂದ ಬೆಳೆಸೇನ
ಉಂಡಿ ಏನಂತ ಯಾರ ಕೇಳ್ಯಾರ | ನನ ಮಗಳ
ದಂಡೀಗಿ ಕುಂತು ಅಳಬ್ಯಾಡ ||

ಇದು ಬರಿಯ ಬುದ್ಧಿಮಾತಿನ ಹಾಡಲ್ಲ, ಹೆಣ್ಣು ಒಪ್ಪಿಸುವ ಹಾಡು ಎಂದು ಅಂಜಿನಮ್ಮನಿಗೆ ನಾಲ್ಕನೇ ನುಡಿಗೇ ತಿಳಿಯಿತು. ಅವಳ ಊರಲ್ಲಿ ಧಾಟಿ ಬೇರೆ, ಕಟ್ಟು ಅದೇ. ಮೊದಲು ಸಾಕಿದ್ದನ್ನು ಹೇಳಬೇಕು, ಆಮೇಲೆ ಬುದ್ಧಿ, ಆಮೇಲೆ ಕೊಟ್ಟು ಕಳಿಸಿದ ಸಾಮಾನು, ಕಡೆಗೆ ಇಂಥವರ ಕೈಗೆ ಕೊಟ್ಟೆ ಎಂದು ಬೀಗಿತ್ತಿಯ ಹೆಸರು ಹಿಡಿದು ಕರೆಯಬೇಕು. ಗಂಡನ ಮನೆಗೆ ಹೋಗುವ ಹೆಣ್ಣಿಗಲ್ಲದೆ ಈ ಹಾಡನ್ನು ಯಾರು ಹಾಡುತ್ತಾರೆ?

ಹಾಗಾದರೆ ಗಂಡ ಎಲ್ಲಿ?

ಎರಡು ವರ್ಷದ ಹಿಂದೆ ಅದೇ ರೂಮಿನಲ್ಲಿ ಒಂದು ಹುಡುಗಿ ಇದ್ದಳು, ಮದುವೆಯಾಗಿಲ್ಲ ಎಂದಿದ್ದಳು. ಕೊನೆಗೆ ಅವಳ ಗಂಡನೂ ಅಣ್ಣಂದಿರೂ ಪೊಲೀಸರೂ ಒಟ್ಟಿಗೇ ಬಂದಿದ್ದರು. ಇಡೀ ಬೀದಿ ಅಂಜಿನಮ್ಮನ ಬಾಗಿಲ ಮುಂದೆ ನಿಂತು ನೋಡಿತ್ತು. ಗಂಡನಿಲ್ಲದೆ ಅಂಜಿನಮ್ಮ ಇಪ್ಪತ್ತು ವರ್ಷ ಕಾಪಾಡಿಕೊಂಡ ಮರ್ಯಾದೆ ಅದು.

ಈ ಅನುಮಾನ ಹುಟ್ಟಿದ ಮೇಲೆ ಹಾಡನ್ನು ದಿನವೂ ಕೇಳಿದಳು. ಓದು ಬರಹ ಅಷ್ಟಾಗಿ ಬಾರದವಳಿಗೆ ಕಿವಿಯೇ ಪುಸ್ತಕ. ಹದಿಮೂರು ನುಡಿಯೂ ಬಾಯಿಗೆ ಬಂದವು. ಟ್ರಂಕಿನಲ್ಲಿ ಅಗಸಿ ಚಟ್ನಿ ಇದೆ, ಮೊದಲು ಅದನ್ನೇ ತಿನ್ನು ಎಂಬುದೊಂದು. ಬಸ್ಸಿನಲ್ಲಿ ನಿದ್ದೆ ಮಾಡಬೇಡ ಎಂಬುದೊಂದು. ಅತ್ತೆ ಮಾವನ ಸುದ್ದಿ ಎಲ್ಲೂ ಇಲ್ಲ. ಕಡೆಯ ನುಡಿಗೆ ಬಂದಾಗ ಅಂಜಿನಮ್ಮನ ಕೈ ಕಾಳಿನ ಮೇಲೆ ನಿಂತುಬಿಡುತ್ತಿತ್ತು.

ಹೆತ್ತಾಕಿ ಉಡಿಯಾಗ ಹತ್ತೊಂಬತ್ತು ವರುಷಿತ್ತ
ಎತ್ತಿ ಕೊಡತೀನಿ ಜ್ವಾಪಾನ |

ಅಷ್ಟೇ. ಹೆಸರು ಬರಬೇಕಾದ ಜಾಗದಲ್ಲಿ ಬಾಯಿ ಮುಚ್ಚಿದ ಗುಂಯ್ ಎನ್ನುವ ರಾಗ, ಮೇಲೊಂದು ಟಕ್ ಶಬ್ದ. ದಿನವೂ ಅಲ್ಲಿಗೇ. ಹೆಸರು ಮುಚ್ಚಿಡುತ್ತಿದ್ದಾರೆ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಹುಡುಗಿಯ ಕಾಲುಂಗುರ ನೋಡಿದಳು, ಇರಲಿಲ್ಲ. ತೆಗೆದಿಟ್ಟಿರಬಹುದು. ಬಸ್ಸಿಳಿಯುವ ಕಡೆ ಸೊಪ್ಪು ಕೊಳ್ಳುವ ನೆಪದಲ್ಲಿ ನಿಂತಳು. ಯಾರೂ ಬರಲಿಲ್ಲ. ಬರದಿದ್ದದ್ದೇ ಸಂಶಯವನ್ನು ಇನ್ನೂ ಹೆಚ್ಚಿಸಿತು. ಅಕ್ಟೋಬರಿನಲ್ಲಿ, ತಿಂಗಳ ಕೊನೆಗೆ ರೂಮು ಬಿಡಮ್ಮ ಎಂದಳು. ಹುಡುಗಿ ಯಾಕೆಂದು ಕೇಳಿದಳು. ನಿಮ್ಮವ್ವನಿಗೇ ಗೊತ್ತು ಎಂದು ಅಂಜಿನಮ್ಮ ಒಳಗೆ ಹೋದಳು. ಒಂಟಿ ಹುಡುಗಿಗೆ ರೂಮು ಕೊಡುವವರು ಆ ಸುತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ರೂಮು ಹೋದರೆ ಅಪ್ಪ ಕೆಲಸ ಬಿಡಿಸಿ ಕರೆದೊಯ್ಯುತ್ತಾನೆ ಎಂದು ಹುಡುಗಿ ನಲ್ಲಿಯ ಹತ್ತಿರ ಅತ್ತಿದ್ದು ಅವಳ ಕಿವಿಗೂ ಬಿತ್ತು.

ಐದನೇ ದಿನ ಬೆಳಿಗ್ಗೆ, ಮಗಳು ಕೆಲಸಕ್ಕೆ ಹೋದ ಮೇಲೆ, ಸುದ್ದಿ ಮುಟ್ಟಿ ಊರಿಂದ ಬಂದ ಶೇಖವ್ವ ಜಗಲಿಯ ಮೇಲೆ ಕೂತಳು. ನೀರು ಕೊಟ್ಟರೂ ಕುಡಿಯಲಿಲ್ಲ.

"ನನ್ನ ಮಗಳು ಏನ್ ತಪ್ಪ ಮಾಡ್ಯಾಳ್ರಿ?"

"ಯಾರ್ಗೆ ಕೊಟ್ಟಿದೀಯಮ್ಮ ಅವಳ್ನ? ನಿಜ ಏಳು. ಆಮ್ಯಾಕೆ ಪೊಲೀಸ್ನೋರು ನನ್ ಬಾಗ್ಲಿಗೆ ಬರೋದ್ ಬ್ಯಾಡ."

ಶೇಖವ್ವನಿಗೆ ತಿಳಿಯಲಿಲ್ಲ. ಆಗ ಅಂಜಿನಮ್ಮ ಕಡೆಯ ನುಡಿಯನ್ನು ತಾನೇ ಹೇಳಿದಳು, ಗುಂಯ್ ಎನ್ನುವವರೆಗೂ, ಒಂದಕ್ಷರ ತಪ್ಪದೆ. ಹೇಳಿ ಮುಗಿಸಿದ ಮೇಲೆ, ಗೋಡೆಗೆ ಕಿವಿ ಕೊಟ್ಟದ್ದು ತಾನಾಗಿ ಬಯಲಾಯಿತು ಎಂದು ಅವಳಿಗೆ ಹೊಳೆಯಿತು.

ಆಗ ಶೇಖವ್ವ ಹೇಳಿದಳು. ಓಣಿಯಲ್ಲಿ ಯಾರ ಮದುವೆಯಾದರೂ ಹೆಣ್ಣೊಪ್ಪಿಸಲು ತನ್ನನ್ನೇ ಕರೆಯುತ್ತಾರೆ. ಹಾಡುವ ಮುಂಚೆ ಬೀಗಿತ್ತಿಯ ಹೆಸರು ಕೇಳಿಕೊಳ್ಳುವುದು ವಾಡಿಕೆ, ಹೆಸರಿಲ್ಲದೆ ಆ ನುಡಿ ಕಾಲು ಊರುವುದಿಲ್ಲ. ಮಗಳು ನೌಕರಿಗೆ ಹೊರಟಾಗ ಅದೇ ಹಾಡಿಗೆ ಬೇರೆ ನುಡಿ ಕಟ್ಟಿದಳು. ಪಕ್ಕದ ಮನೆಯ ಮುದಕಪ್ಪ ಒಂದು ಹಳೆಯ ಭಜನೆ ಕ್ಯಾಸೆಟ್ಟಿನ ತಲೆಯ ತೂತಿಗೆ, ಹೊಸದನ್ನು ತುಂಬಲು ಬರಲೆಂದು, ಕಾಗದ ಅಂಟಿಸಿ, ಭಜನೆಯ ಮೇಲೆಯೇ ಹಾಡು ತುಂಬಿಕೊಟ್ಟ. ಹದಿಮೂರನೆಯದು ಬಂದಾಗ ಹೆಸರು ಬೇಕಾಯಿತು.

"ಯಾರಿಗೆ ಕೊಡ್ಲಿ ಅನ್ನಬೇಕ್ರಿ? ಫ್ಯಾಕ್ಟರಿಗಿ ಕೊಟ್ನಿ ಅನ್ಲ್ಯಾ? ಮುದಕಪ್ಪಗ ನಿಲ್ಸಪ್ಪಾ ಅಂದ್ನಿ. ಮುಚ್ಚಿಟ್ಟಿದ್ದಲ್ರಿ ಅದು. ಖಾಲಿ ಐತಿ."

ಹಾಡುಗಾತಿ ಸುಳ್ಳು ಕಟ್ಟುವುದರಲ್ಲೂ ಜಾಣೆಯಾಗಿರಬಹುದು ಎಂದು ಅಂಜಿನಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಒಳಗೆ ಹೋಗಿ ಮೂರನೇ ರೂಮಿನ ಬೀಗದ ಕೈ ತಂದಳು, ಟೇಪು ರೆಕಾರ್ಡರನ್ನು ತಾಯಿಯ ಕೈಯಿಂದಲೇ ತರಿಸಿ, ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ತಲೆಯ ತೂತಿನ ಮೇಲೆ ಕಾಗದ ಇತ್ತು. ಕಡೆಯ ನುಡಿ ಹಾಕಿ, ಟಕ್ ಎಂದ ಮೇಲೂ ಟೇಪು ಓಡಲು ಬಿಟ್ಟಳು. ಸ್ವಲ್ಪ ಹೊತ್ತು ಏನಿಲ್ಲ, ಆಮೇಲೆ ಹಳೆಯ ಭಜನೆಯ ತಾಳ ನಡುವಿನಿಂದ ಎದ್ದಿತು, ಹೆಸರು ಎಲ್ಲೂ ಇರಲಿಲ್ಲ.

"ರೂಮು ಬಿಡೋದ್ ಬ್ಯಾಡ ಅಂತ ಏಳು ಮಗಿಗೆ," ಎಂದಳು ಅಂಜಿನಮ್ಮ.

ಶೇಖವ್ವ ಆಗ ನೀರು ಕುಡಿದಳು. ಎರಡು ದಿನ ಇದ್ದಳು. ಹೊರಡುವ ಬೆಳಿಗ್ಗೆ ಗೇಟಿನ ಅಗುಳಿಯನ್ನು ಮತ್ತೆ ಹಾಕಿ ತೆಗೆದು ನೋಡಿದಳು, ಆ ಚಾಳಿ ಬಿಡಲಿಲ್ಲ. ಆಮೇಲೆ ನಿಂತಲ್ಲೇ ಬಲಗೈಯಲ್ಲಿ ಇಲ್ಲದ ರಾಟೆಯನ್ನು ತಿರುವುತ್ತ, ಕಡೆಯ ನುಡಿಯನ್ನು ಬಾಯೊಳಗೇ ಹೇಳಿಕೊಂಡು, ಕರೆಯುವ ಜಾಗದಲ್ಲಿ ಅಂಜಿನಮ್ಮ ಎಂದು ಕೂಡಿಸಿ ನೋಡಿದಳು. ಕೂಡಲಿಲ್ಲವೆಂದು ತಲೆ ಆಡಿಸಿದಳು. ಇನ್ನೊಮ್ಮೆ ಬೇರೆ ಥರ ಕೂಡಿಸಿದಳು. ಹೋಗುತ್ತ ಅವಳು ಅಂಜಿನಮ್ಮನನ್ನು ಕೇಳಿದ ಕಡೆಯ ಮಾತು ಇದು, ಆಮೇಲೆ ಅವಳು ಹೆಬ್ಬಗೋಡಿಗೆ ಬರಲಿಲ್ಲ.

"ನಮ್ಮ ಕಡೀ ರಾಗಕ್ಕ ಅಮ್ಮ ಕೂಡೂದಿಲ್ರಿ. ಅಂಜಿನವ್ವ ಅಂತ ಹಾಕಿದ್ರ ನಡೀತದೇನ್ರಿ?"